ಕಾಯಿಸಿದ್ದಕ್ಕೆ ದೂರು ಬಂದರೆ ಆಸ್ಪತ್ರೆಯ ಉತ್ತರ ಹೇಗಿರಬೇಕು?

ಮಂಡ್ಯದ ಒಂದು ನರ್ಸಿಂಗ್ ಹೋಮ್ ಎಂದುಕೊಳ್ಳಿ. ಮದ್ದೂರು ಕಡೆಯಿಂದ ಮಂಡಿನೋವಿಗೆ ತೋರಿಸಲು ಬಂದ ತಾಯಿಗೆ ಬೆಳಿಗ್ಗೆ 9.30ಕ್ಕೆ ಟೋಕನ್ ಸಿಕ್ಕಿತು. ಮೂಳೆ ಡಾಕ್ಟರು ನೋಡಿದ್ದು ಮಧ್ಯಾಹ್ನ 1.10ಕ್ಕೆ. ಮಗ ದೂರು ಬರೆದುಕೊಟ್ಟಿದ್ದಾರೆ.

ದೂರು ತಲುಪಿದೆಯೆಂದು ಅಂದೇ ಫೋನ್ ಮಾಡಿ ಹೇಳಿ. ಟೋಕನ್ ಪುಸ್ತಕ, ಓ.ಟಿ. ರಿಜಿಸ್ಟರ್ ನೋಡಿ ಸಮಯ ಬರೆದುಕೊಳ್ಳಿ.

ಹೆಚ್ಚಿನವರು ಎಡವುವುದು ವಿಷಾದದ ವಾಕ್ಯದಲ್ಲಿ. ‘ನಮ್ಮ ಸಿಬ್ಬಂದಿಯ ನಿರ್ಲಕ್ಷ್ಯದಿಂದ ತಡವಾಯಿತು’ ಎಂದು ಬರೆಯಬೇಡಿ. ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿಗೆ ಒಳಪಡುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ನಿರ್ಲಕ್ಷ್ಯ ಆಯಿತೇ ಇಲ್ಲವೇ ಎಂಬುದನ್ನು ತೀರ್ಮಾನಿಸಬೇಕಾದ್ದು ಗ್ರಾಹಕರ ಆಯೋಗ. ನಿಮ್ಮ ಪತ್ರ ಅಲ್ಲಿ ಸಾಕ್ಷ್ಯವಾಗಬಹುದು. ಹಾಗೆಂದು ‘ತೊಂದರೆಯಾಗಿದ್ದರೆ ವಿಷಾದಿಸುತ್ತೇವೆ’ ಎಂದೂ ಬರೆಯಬೇಡಿ. ಆ ‘ಆಗಿದ್ದರೆ’ ಓದಿದವರಿಗೆ ತಮ್ಮ ಮಾತನ್ನು ನಂಬಿಲ್ಲ ಅನ್ನಿಸುತ್ತದೆ. ಇಬ್ಬರೂ ಒಪ್ಪುವ ಸಂಗತಿಯನ್ನಷ್ಟೇ ಹೇಳಿ, ಅದಕ್ಕೆ ಮರುಗಿ: ‘ನಿಮ್ಮ ತಾಯಿಯವರು ಮಂಡಿನೋವಿನಲ್ಲೇ 3 ಗಂಟೆ 40 ನಿಮಿಷ ಕಾಯಬೇಕಾಯಿತು. ಇದಕ್ಕೆ ನಮಗೆ ತುಂಬಾ ಬೇಸರವಿದೆ.’ ಇಲ್ಲಿ ಮರುಕವಿದೆ, ಕಾರಣದ ಬಗ್ಗೆ ತೀರ್ಪಿಲ್ಲ.

ಕಾರಣವನ್ನು ಮುಂದಿನ ವಾಕ್ಯದಲ್ಲಿ, ಸಮಯದ ಸಮೇತ ಕೊಡಿ: ‘10.15ಕ್ಕೆ ತುರ್ತು ಶಸ್ತ್ರಚಿಕಿತ್ಸೆಗೆ ಹೋದ ವೈದ್ಯರು 12.40ಕ್ಕೆ ಮರಳಿದರು.’ ಆ ಇನ್ನೊಬ್ಬ ರೋಗಿ ಯಾರು, ಏನಾಗಿತ್ತು ಎಂಬುದು ಬೇಡ. ಕಾಯುತ್ತಿದ್ದವರಿಗೆ ಕೌಂಟರಿನಿಂದ ಯಾರೂ ವಿಷಯ ಹೇಳಿರಲಿಲ್ಲ ಎಂಬುದು ನಿಜವಾದರೆ ಅದನ್ನೂ ಬರೆಯಿರಿ. ಮುಚ್ಚಿಟ್ಟದ್ದು ಮುಂದೆ ರಿಜಿಸ್ಟರಿನಲ್ಲಿ ಸಿಕ್ಕರೆ ಪತ್ರದ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ.

ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಮಾದರಿ ಪತ್ರಗಳನ್ನು ಬಳಸಲೇಬೇಡಿ. ‘ನಮ್ಮ ಕಾನೂನುಬದ್ಧ ಹಕ್ಕುಗಳಿಗೆ ಬಾಧೆಯಿಲ್ಲದಂತೆ’ ಎಂದು ಶುರುವಾಗುವ ಪತ್ರ ಓದಿದವರು ನೇರ ವಕೀಲರ ಬಳಿಗೇ ಹೋಗುತ್ತಾರೆ.

‘ಇನ್ನು ಹೀಗಾಗುವುದಿಲ್ಲ’ ಎಂಬ ಭರವಸೆ ಬೇಡ. ನಾಳೆಯೇ ಇನ್ನೊಂದು ತುರ್ತು ಕೇಸ್ ಬಂದೀತು. ಈಗಾಗಲೇ ಜಾರಿಗೆ ಬಂದದ್ದನ್ನು ಮಾತ್ರ ಹೇಳಿ: ಡಾಕ್ಟರು ಅರ್ಧ ಗಂಟೆ ತಡವಾದರೆ ಕೌಂಟರಿನವರು ಕೂಗಿ ಹೇಳುತ್ತಾರೆ, ಬೇರೆ ದಿನ ಬರುತ್ತೇವೆಂದವರಿಗೆ ಟೋಕನ್ ಬದಲಿಸಿಕೊಡುತ್ತಾರೆ.

‘ಕಾಯಿಸಿದ್ದರಿಂದಲೇ ಕಾಯಿಲೆ ಜಾಸ್ತಿಯಾಯಿತು’ ಎಂದು ದೂರಿನಲ್ಲಿದ್ದರೆ ಪಿ.ಆರ್.ಓ. ಆ ಮಾತಿಗೆ ಹೌದೆಂದೂ ಅಲ್ಲವೆಂದೂ ಬರೆಯಬಾರದು. ವೈದ್ಯಕೀಯ ಅಧೀಕ್ಷಕರಿಗೂ ವಿಮಾ ಕಂಪನಿಗೂ ತಿಳಿಸಿ. ಕಂಪನಿಯ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಬಾರದೆಂಬ ಷರತ್ತು ವೈದ್ಯರ ವಿಮಾ ಪಾಲಿಸಿಗಳಲ್ಲಿ ಸಾಮಾನ್ಯ. ಮನೆಯವರಿಗೆ ‘ಈ ಅಂಶವನ್ನು ಹಿರಿಯ ವೈದ್ಯರು ದಾಖಲೆ ನೋಡಿ ಪರಿಶೀಲಿಸುತ್ತಿದ್ದಾರೆ, ಇಂಥ ತಾರೀಖಿನೊಳಗೆ ತಿಳಿಸುತ್ತೇವೆ’ ಎಂದು ಬರೆದು, ಆ ತಾರೀಖಿಗೆ ತಪ್ಪದೆ ತಿಳಿಸಿ. ದಾಖಲೆ ಕೇಳಿದರೆ ಸತಾಯಿಸಬೇಡಿ. ವೈದ್ಯರ ವೃತ್ತಿ ನಿಯಮದಂತೆ 72 ಗಂಟೆಯೊಳಗೆ ಕೊಡಬೇಕು.

ಕೊನೆಗೆ ಸಹಿ ಹಾಕಿದವರ ಹೆಸರು, ನೇರ ಫೋನ್ ನಂಬರ್ ಇರಲಿ. ಬರೀ ‘ಆಡಳಿತ ಮಂಡಳಿ’ ಎಂದು ಹಾಕಿ ಕಳಿಸಬೇಡಿ.