ಒಂದೇ ಕೋಷ್ಟಕದಲ್ಲಿ B ಮತ್ತು β: ನನ್ನ ಅನುಭವ

ದಾವಣಗೆರೆ ತಾಲ್ಲೂಕಿನ ಮೆಕ್ಕೆಜೋಳ ಬೆಳೆಗಾರರ ಸಮೀಕ್ಷೆಯನ್ನು ಎಸ್‌ಪಿಎಸ್‌ಎಸ್‌ನಲ್ಲಿ ರಿಗ್ರೆಶನ್ ಮೂಲಕ ವಿಶ್ಲೇಷಿಸಿದಾಗ, ಗೊಬ್ಬರದ ಖರ್ಚಿನ ಎದುರು B `.001`, Sig. `.000` ಎಂದು ಬಂದಿತು. ಪರಿಣಾಮ ಸಾಂಖ್ಯಿಕವಾಗಿ ಮಹತ್ವದ್ದು, ಆದರೆ ಗುಣಾಂಕ ಶೂನ್ಯಕ್ಕೆ ಅಂಟಿಕೊಂಡಂತೆ ಕಾಣುತ್ತಿತ್ತು. ಕಾರಣ ಸರಳ: ಖರ್ಚು ರೂಪಾಯಿಯಲ್ಲಿತ್ತು, ಒಂದು ರೂಪಾಯಿಗೆ ಎಷ್ಟು ಇಳುವರಿ ಹೆಚ್ಚೀತು? ಖರ್ಚನ್ನು 1,000ದಿಂದ ಭಾಗಿಸಿ ಮತ್ತೆ ನಡೆಸಿದೆ. B 0.85 ಆಯಿತು; β, t, p ಮೂರೂ ಕದಲಲಿಲ್ಲ. ಆಮೇಲೆ ಸಿದ್ಧಪಡಿಸಿದ ಕೋಷ್ಟಕ ಇದು (ಅಂಕಿಗಳನ್ನು ವಿವರಣೆಗಾಗಿ ಸರಳಗೊಳಿಸಿದ್ದೇನೆ).

| ಚರ | B | ಪ್ರಮಾಣಿತ ದೋಷ | B ಯ 95% ವಿಶ್ವಾಸಾಂತರ | β |
|---|---|---|---|---|
| ಸ್ಥಿರಾಂಕ | 6.40* | 1.50 | 3.43, 9.37 | – |
| ಗೊಬ್ಬರದ ಖರ್ಚು (ಸಾವಿರ ರೂ./ಎಕರೆ) | 0.85* | 0.21 | 0.43, 1.27 | 0.32 |
| ನೀರಾವರಿᵃ | 3.10* | 0.69 | 1.73, 4.47 | 0.36 |
| ವಯಸ್ಸು (ವರ್ಷ) | −0.02 | 0.03 | −0.08, 0.04 | −0.05 |

ಟಿಪ್ಪಣಿ: N = 120. ಅವಲಂಬಿತ ಚರ: ಇಳುವರಿ, ಎಕರೆಗೆ ಕ್ವಿಂಟಲ್. B ಮೂಲ ಅಳತೆಯ ಗುಣಾಂಕ, β ಪ್ರಮಾಣಿತ ಗುಣಾಂಕ. R² = 0.26, ಹೊಂದಿಸಿದ R² = 0.24.
ᵃ 0 = ಮಳೆಯಾಶ್ರಿತ, 1 = ನೀರಾವರಿ.
* p < .001.

ಎಸ್‌ಪಿಎಸ್‌ಎಸ್ ತನ್ನ ಹಳೆಯ ಆವೃತ್ತಿಗಳಲ್ಲಿ ತೋರಿಸುವ `.000` ಅನ್ನು ಹಾಗೆಯೇ ಬರೆಯಬಾರದು. p ಎಂದೂ ಶೂನ್ಯವಾಗುವುದಿಲ್ಲ, ಅಲ್ಲಿ ಮೂರು ದಶಮಾಂಶ ಸ್ಥಾನಗಳಷ್ಟೇ ಕಾಣುತ್ತವೆ. ಟಿಪ್ಪಣಿಯಲ್ಲಿ ಮೊದಲು ಇಡೀ ಕೋಷ್ಟಕಕ್ಕೆ ಸೇರಿದ ಮಾತು, ನಂತರ ಒಂದು ಸಾಲಿಗೆ ಸೇರಿದ್ದು, ಕೊನೆಗೆ ನಕ್ಷತ್ರದ ಅರ್ಥ. ಎಪಿಎ ಶೈಲಿಯ ಕ್ರಮ ಇದು. ಕೋಷ್ಟಕದಲ್ಲಿ ಎಲ್ಲಿಯೂ ಬಳಸದ ನಕ್ಷತ್ರಗಳ ವಿವರಣೆಯನ್ನು ಕೆಳಗೆ ತುಂಬುವ ಅಭ್ಯಾಸ ನನಗೆ ಹಿಡಿಸುವುದಿಲ್ಲ.

ಮಾರ್ಗದರ್ಶಕರಿಗೆ ಕರಡು ತೋರಿಸಿದಾಗ, "ನೀರಾವರಿಯ β ದೊಡ್ಡದು, ಹಾಗಾದರೆ ಗೊಬ್ಬರಕ್ಕಿಂತ ಅದೇ ಮುಖ್ಯ ಎಂದು ಬರೆಯಬಹುದಲ್ಲವೇ?" ಎಂದು ಕೇಳಿದರು. "ಈ ಕೋಷ್ಟಕದಿಂದ ಹಾಗೆ ಹೇಳಲಾಗದು ಸರ್" ಎಂದೆ. β ಎಂದರೆ B ಯನ್ನು ಆ ಚರದ ಪ್ರಮಾಣಿತ ವಿಚಲನೆಯಿಂದ ಗುಣಿಸಿ, ಇಳುವರಿಯ ಪ್ರಮಾಣಿತ ವಿಚಲನೆಯಿಂದ ಭಾಗಿಸಿದ್ದು. ಗೊಬ್ಬರಕ್ಕೆ 0.85 × 1.6 ÷ 4.2, ಅಂದರೆ 0.32. ನೀರಾವರಿಯಂಥ ಹೌದು-ಇಲ್ಲ ಚರದಲ್ಲಿ ಪ್ರಮಾಣಿತ ವಿಚಲನೆ ನಿಲ್ಲುವುದು ಎಷ್ಟು ಮಂದಿಗೆ ನೀರಿದೆ ಎಂಬುದರ ಮೇಲೆ. ನಮ್ಮ ಮಾದರಿಯಲ್ಲಿ ನೂರಕ್ಕೆ 40 ಮಂದಿಗೆ ನೀರಿತ್ತು, ವಿಚಲನೆ 0.49, β 0.36. ಹತ್ತರಲ್ಲಿ ಒಬ್ಬರಿಗೆ ಮಾತ್ರ ಕೊಳವೆಬಾವಿ ಇರುವ ಊರಿನಲ್ಲಿ ವಿಚಲನೆ 0.30, ಇಳುವರಿಯ ವಿಚಲನೆ ಅಷ್ಟೇ ಇದ್ದರೆ, ನೀರು ಅದೇ 3.10 ಕ್ವಿಂಟಲ್ ಹೆಚ್ಚಿಸಿದರೂ β 0.22ಕ್ಕೆ ಇಳಿಯುತ್ತದೆ. ನೀರಿನ ಶಕ್ತಿಯೇನೂ ಕುಗ್ಗಿಲ್ಲ, ನೀರುಳ್ಳವರ ಪ್ರಮಾಣ ಕುಗ್ಗಿದೆ.

ಹೀಗಾಗಿ ಪಠ್ಯದಲ್ಲಿ ನೀರಾವರಿಯನ್ನು B ಯಿಂದಲೇ ವಿವರಿಸಿದೆ: ಉಳಿದೆರಡು ಚರಗಳು ಸಮವಾಗಿದ್ದಾಗ ನೀರಾವರಿ ಜಮೀನಿನಲ್ಲಿ ಎಕರೆಗೆ ಸರಾಸರಿ 3.10 ಕ್ವಿಂಟಲ್ ಹೆಚ್ಚು. β ಯನ್ನು ಗೊಬ್ಬರ ಮತ್ತು ವಯಸ್ಸಿನ ಹೋಲಿಕೆಗೆ ಮಾತ್ರ ಬಳಸಿದೆ. t ಯ ಅಂಕಣವನ್ನು ಕೈಬಿಟ್ಟೆ. ಬೇಕಾದವರು B ಯನ್ನು ಪ್ರಮಾಣಿತ ದೋಷದಿಂದ ಭಾಗಿಸಿಕೊಳ್ಳಬಹುದು.