ಮೂರು ವರ್ಷದ ಎಕ್ಸ್‌ಪೆಲ್ಲರ್, ಆರು ವರ್ಷದ ಎಕ್ಸ್‌ಪೆಲ್ಲರ್: ನಾನು ಲೆಕ್ಕ ಹಾಕಿದ ಬಗೆ

ಚಳ್ಳಕೆರೆಯಲ್ಲಿ ನಮ್ಮದು ಚಿಕ್ಕ ಎಣ್ಣೆ ಮಿಲ್ಲು. ಶೇಂಗಾ ಅರೆಯುವ ಹಳೇ ಎಕ್ಸ್‌ಪೆಲ್ಲರ್ ಬದಲಿಸಬೇಕಾಗಿ ಬಂದಾಗ ನಮ್ಮ ಮುಂದೆ ಎರಡು ದಾರಿ ಇದ್ದವು. ಒಂದು, ವರ್ಕ್‌ಶಾಪಿನವರು ಬಿಚ್ಚಿ ಸರಿಮಾಡಿ ಕೊಡುವ ಸೆಕೆಂಡ್ ಹ್ಯಾಂಡ್ ಮಷೀನು: 6 ಲಕ್ಷ, ಬಾಳಿಕೆ ಮೂರು ವರ್ಷ. ಇನ್ನೊಂದು, ಅದೇ ಮಾದರಿಯ ಹೊಸದು: 11 ಲಕ್ಷ, ಬಾಳಿಕೆ ಆರು ವರ್ಷ. ಅಣ್ಣನ ಮನಸ್ಸು ಹೊಸದರ ಕಡೆ ಇತ್ತು. ಲೆಕ್ಕ ನೋಡುವವನು ನಾನಾದ್ದರಿಂದ, ಮುಂಗಡ ಕೊಡುವ ಮೊದಲು ಒಂದು ಹಾಳೆ ಮಾಡಿಕೊಂಡೆ.

ಮೊದಲು ವರ್ಷಕ್ಕೆ ಕೈಗೆ ಬರುವ ನಗದು. ಅರೆಯುವ ಕೂಲಿ, ನಮ್ಮದೇ ಎಣ್ಣೆ ಮತ್ತು ಹಿಂಡಿಯ ಮಾರಾಟದಲ್ಲಿ ಉಳಿಯುವುದು, ಇವುಗಳಿಂದ ಕರೆಂಟು, ಆಳು, ವರ್ಮ್ ಮತ್ತು ಕೇಜ್ ಬಾರ್ ಬದಲಿಸುವ ಖರ್ಚು ಕಳೆದೆ. ಸೆಕೆಂಡ್ ಹ್ಯಾಂಡಿಗೆ ವರ್ಷಕ್ಕೆ 3 ಲಕ್ಷ ಬಂತು. ಹೊಸದರಲ್ಲಿ ರಿಪೇರಿ ಕಡಿಮೆ, ಸೀಸನ್ನಿನಲ್ಲಿ ನಿಲ್ಲುವುದೂ ಕಡಿಮೆ, ಹಾಗಾಗಿ 3.15 ಲಕ್ಷ. ಸವಕಳಿಯನ್ನು ಇಲ್ಲಿ ಕಳೆಯಲಿಲ್ಲ, ಅದು ಕೈಯಿಂದ ಹೋಗುವ ದುಡ್ಡಲ್ಲ. ಬ್ಯಾಂಕಿನ ಬಡ್ಡಿಯನ್ನೂ ಕಳೆಯಲಿಲ್ಲ. ಅಣ್ಣ ಇದನ್ನು ಒಪ್ಪಲಿಲ್ಲ. "ಬಡ್ಡಿ ತಿಂಗಳು ತಿಂಗಳು ಕಟ್ತೀವಲ್ಲೋ, ಅದನ್ನ ಬಿಟ್ರೆ ಹೆಂಗೆ?" ಅಂದ. ಬಿಟ್ಟಿಲ್ಲ, ಅದು 12% ಅನ್ನುವ ದರದ ಒಳಗೇ ಕೂತಿದೆ. ಮುಂದಿನ ವರ್ಷಗಳ ದುಡ್ಡನ್ನು ಆ ದರದಲ್ಲಿ ಇಳಿಸಿ ಇವತ್ತಿನ ಬೆಲೆಗೆ ತರುವಾಗಲೇ ಬಡ್ಡಿ ಕಳೆದಂತಾಗುತ್ತದೆ. ಮೇಲೆ ಇನ್ನೊಮ್ಮೆ ಕಳೆದರೆ ಒಂದೇ ಖರ್ಚನ್ನು ಎರಡು ಸಲ ಹಾಕಿದ ಹಾಗೆ. ಆ 12%ರಲ್ಲಿ ಬ್ಯಾಂಕಿನ ಬಡ್ಡಿಯ ಜೊತೆಗೆ ನಮ್ಮ ಸ್ವಂತ ದುಡ್ಡಿಗೆ ನಾವು ಬಯಸುವ ಗಳಿಕೆಯೂ ಸೇರಿದೆ. ತೆರಿಗೆ ಮತ್ತು ಕೊನೆಯ ಗುಜರಿ ಬೆಲೆಯನ್ನು ಎರಡೂ ಕಡೆ ಬಿಟ್ಟು, ಲೆಕ್ಕ ಸರಳವಾಗಿಟ್ಟೆ.

ಹಾಳೆಯಲ್ಲಿ B2ರಲ್ಲಿ ಸೆಕೆಂಡ್ ಹ್ಯಾಂಡಿನ ಬೆಲೆ ಮೈನಸ್ ಹಾಕಿ, ಕೆಳಗೆ ಅದರ ಮೂರು ವರ್ಷ. C2ರಲ್ಲಿ ಹೊಸದರ ಬೆಲೆ ಹಾಗೇ ಮೈನಸ್ ಹಾಕಿ, ಕೆಳಗೆ ಆರು ವರ್ಷ. ಇವತ್ತಿನ ಬೆಲೆಗೆ ಇಳಿಸಿದ ದುಡ್ಡಿನಿಂದ ಮಷೀನಿನ ಬೆಲೆ ಕಳೆದು ಉಳಿಯುವುದು ನಿವ್ವಳ ಪ್ರಸ್ತುತ ಮೌಲ್ಯ, ಸೂತ್ರದಲ್ಲಿ NPV. ಆ ಉಳಿಕೆ ಸೊನ್ನೆಯಾಗುವ ದರವೇ ಆಂತರಿಕ ಪ್ರತಿಫಲ ದರ, ಅಂದರೆ ಐಆರ್‌ಆರ್, ಸೂತ್ರದಲ್ಲಿ IRR.

```
=NPV(12%,B3:B5)+B2
=IRR(B2:B5)
=NPV(12%,C3:C8)+C2
=IRR(C2:C8)
```

ಇವತ್ತು ಕೊಡುವ ದುಡ್ಡನ್ನು ಬ್ರಾಕೆಟ್ಟಿನ ಹೊರಗೆ ಕೂಡಿಸಿದ್ದಕ್ಕೆ ಕಾರಣವಿದೆ. ಆ NPV ಸೂತ್ರ ತನ್ನೊಳಗಿನ ಮೊದಲ ಅಂಕಿಯನ್ನೇ ಒಂದು ವರ್ಷದ ಆಚೆಯದ್ದು ಅಂದುಕೊಳ್ಳುತ್ತದೆ. B2ವನ್ನೂ ಒಳಗೆ ಸೇರಿಸಿದರೆ ಉತ್ತರ 1.21 ಲಕ್ಷದ ಬದಲು 1.08 ಲಕ್ಷ ಬರುತ್ತದೆ, ಹಾಳೆ ಮಾತ್ರ ಯಾವ ತಪ್ಪನ್ನೂ ತೋರಿಸುವುದಿಲ್ಲ.

ಉತ್ತರ ಹೀಗೆ ಬಂತು. ಸೆಕೆಂಡ್ ಹ್ಯಾಂಡಿನ ನಿವ್ವಳ ಪ್ರಸ್ತುತ ಮೌಲ್ಯ 1.21 ಲಕ್ಷ, ಹೊಸದರದ್ದು 1.95 ಲಕ್ಷ. ಆದರೆ ಆಂತರಿಕ ಪ್ರತಿಫಲ ದರ ಉಲ್ಟಾ: ಸೆಕೆಂಡ್ ಹ್ಯಾಂಡಿಗೆ 23.4%, ಹೊಸದಕ್ಕೆ 18.1%. ಒಂದು ಅಳತೆ ಹೊಸದನ್ನು ತಗೋ ಅನ್ನುತ್ತದೆ, ಇನ್ನೊಂದು ಹಳೆಯದನ್ನು.

ಎರಡನ್ನೂ ನಾನು ಹಾಗೇ ನಂಬಲಿಲ್ಲ. 1.95 ಲಕ್ಷ ಆರು ವರ್ಷದ ದುಡಿಮೆ, 1.21 ಲಕ್ಷ ಮೂರೇ ವರ್ಷದ್ದು. ಸೆಕೆಂಡ್ ಹ್ಯಾಂಡ್ ತಗೊಂಡು, ಅದು ಸವೆದ ಮೇಲೆ ಇನ್ನೊಂದನ್ನು ಕೊಳ್ಳದೆ ನಾಲ್ಕನೇ ವರ್ಷ ಮಿಲ್ಲಿಗೆ ಬೀಗ ಹಾಕುತ್ತೇವೆ ಅಂತಾದರೆ ಮಾತ್ರ ಈ ಹೋಲಿಕೆ ಸರಿ. ಇತ್ತ ಶೇಕಡಾ ಲೆಕ್ಕಕ್ಕೆ ಕಾಲದ ಹಂಗೇ ಇಲ್ಲ. ಅದೇ ಮಷೀನನ್ನು ಅದೇ ಬೆಲೆಗೆ ಮತ್ತೆ ಕೊಂಡು ಆರು ವರ್ಷ ನಡೆಸಿದರೂ 23.4%ವೇ ಬರುತ್ತದೆ.

ಹಾಗಾಗಿ ಎರಡನ್ನೂ ವರ್ಷದ ಲೆಕ್ಕಕ್ಕೆ ಇಳಿಸಿದೆ. ಪ್ರಸ್ತುತ ಮೌಲ್ಯವನ್ನು ಅದರ ಬಾಳಿಕೆಯ ಮೇಲೆ, 12% ಬಡ್ಡಿಯ ಸಮಾನ ಕಂತುಗಳಾಗಿ ಹಂಚುವುದು. ಸಾಲದ ಕಂತು ಹಾಕುವ ಸೂತ್ರವೇ ಇದಕ್ಕೂ ಸಾಕು:

```
=PMT(12%,3,-120550)
=PMT(12%,6,-195090)
```

ಸೆಕೆಂಡ್ ಹ್ಯಾಂಡಿಗೆ ವರ್ಷಕ್ಕೆ ಸುಮಾರು 50,200 ರೂಪಾಯಿ, ಹೊಸದಕ್ಕೆ 47,450. ಸೆಕೆಂಡ್ ಹ್ಯಾಂಡ್ ಕೂದಲೆಳೆಯಷ್ಟು ಮುಂದೆ. ಪುಸ್ತಕದ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ನನಗೆ ಮುಖ್ಯ ಅನಿಸಿದ್ದು ಮಾತ್ರ ಇಲ್ಲಿಂದ ಮುಂದಿನದು.

ಈ 50,200ರ ಒಳಗೆ ಮೂರು ವರ್ಷ ಕಳೆದ ಮೇಲೂ ಅಂಥದ್ದೇ ಮಷೀನು 6 ಲಕ್ಷಕ್ಕೇ ಸಿಗುತ್ತದೆ ಅನ್ನುವ ನಂಬಿಕೆ ಅಡಗಿದೆ. ಅದನ್ನು ಬಯಲಿಗೆ ತರಲು ಸೆಕೆಂಡ್ ಹ್ಯಾಂಡಿನದ್ದನ್ನೂ ಆರು ವರ್ಷಕ್ಕೆ ಬಿಡಿಸಿ ಬರೆದೆ: ಮೂರನೇ ವರ್ಷದ ಕೊನೆಗೆ ಮತ್ತೆ 6 ಲಕ್ಷ ಕೊಟ್ಟು ಕೊಳ್ಳುವುದು, ಇನ್ನೂ ಮೂರು ವರ್ಷ ನಡೆಸುವುದು. ಆಗ ಅದರ ಮೌಲ್ಯ 2.06 ಲಕ್ಷ, ಹೊಸದರ 1.95ಕ್ಕಿಂತ ಸುಮಾರು 11,000 ಹೆಚ್ಚು. ಎರಡನೇ ಸಲದ ಬೆಲೆ 6.16 ಲಕ್ಷ ದಾಟಿದರೆ ಈ ಹೆಚ್ಚಳ ಪೂರ್ತಿ ಕರಗುತ್ತದೆ. ಅಂದರೆ ಮೂರು ವರ್ಷದಲ್ಲಿ ಬರೀ 16,000 ರೂಪಾಯಿ ಏರಿದರೆ ಸಾಕು.

ಐಆರ್‌ಆರ್ ಅನ್ನೂ ಇಲ್ಲೇ ಸರಿಯಾಗಿ ಬಳಸಬಹುದು. ಎರಡೂ ಮಷೀನುಗಳ ಶೇಕಡಾವನ್ನು ಪಕ್ಕಪಕ್ಕ ಇಡುವ ಬದಲು, ಹೊಸದಕ್ಕೆ ಇವತ್ತು ಹೆಚ್ಚು ಕೊಡುವ 5 ಲಕ್ಷ ಎಷ್ಟು ಗಳಿಸುತ್ತದೆ ಅಂತ ಕೇಳಬೇಕು. ಅದರಿಂದ ವರ್ಷಕ್ಕೆ 15,000 ಹೆಚ್ಚು ಬರುತ್ತದೆ, ಮೂರನೇ ವರ್ಷ ಎರಡನೇ ಮಷೀನಿನ 6 ಲಕ್ಷ ಉಳಿಯುತ್ತದೆ. ಈ ವ್ಯತ್ಯಾಸದ ಸಾಲಿಗೆ ಐಆರ್‌ಆರ್ ಹಾಕಿದರೆ 11.2%, ನಮ್ಮ 12%ಕ್ಕೆ ಸ್ವಲ್ಪ ಕಡಿಮೆ. ಈಗ ಎರಡೂ ಅಳತೆ ಒಂದೇ ಮಾತು ಹೇಳುತ್ತವೆ. ಎರಡನೇ ಮಷೀನಿಗೆ 7 ಲಕ್ಷ ಹಾಕಿ ನೋಡಿದೆ: ಅದೇ 5 ಲಕ್ಷದ ಗಳಿಕೆ 16.3%ಕ್ಕೆ ಏರಿತು, ಹೊಸದು ಸುಮಾರು 60,000 ಮುಂದೆ ಹೋಯಿತು.

ವರ್ಕ್‌ಶಾಪಿನ ಮೇಸ್ತ್ರಿಯನ್ನು ಹೋಗಿ ಕೇಳಿದೆ. "ಹಳೇ ಬಾಡಿ ಈ ರೇಟಿಗೆ ಈಗ್ಲೇ ಸಿಗೋದು ಕಷ್ಟ ಸಾರ್, ಮೂರು ವರ್ಷ ಬಿಟ್ಟು ಬಂದ್ರೆ ನಾನು ಮಾತು ಕೊಡಂಗಿಲ್ಲ" ಅಂದ. ಅರೆಯುವ ಕೂಲಿಯೂ ಅಷ್ಟೇ ಏರಿದರೆ ಸರಿದೂಗೀತು ಅನ್ನಬಹುದು. ಆದರೆ ಎರಡೂ ಮಷೀನು ಅರೆಯುವುದು ಅಷ್ಟೇ ಶೇಂಗಾ. ಕೂಲಿ ಏರಿದರೆ ಎರಡಕ್ಕೂ ಏರುತ್ತದೆ, ಎರಡನೇ ಸಲ ಕೊಳ್ಳುವ ಹೊರೆ ಮಾತ್ರ ಸೆಕೆಂಡ್ ಹ್ಯಾಂಡಿನದ್ದೇ.

ಉಳಿದದ್ದು ಮಳೆಯ ಮಾತು. ನಮ್ಮ ಕಡೆ ಶೇಂಗಾ ಬಹುಪಾಲು ಮಳೆಯಾಶ್ರಿತ. ಬೆಳೆ ಕೈಕೊಟ್ಟು ಮೂರನೇ ವರ್ಷಕ್ಕೇ ನಿಲ್ಲಿಸಬೇಕಾದರೆ? ಆಗ ಹೊಸದನ್ನು ಸುಮಾರು 6.5 ಲಕ್ಷಕ್ಕೆ ಮಾರಿದರೆ ಮಾತ್ರ ಸೆಕೆಂಡ್ ಹ್ಯಾಂಡಿಗೆ ಸರಿಸಮ. ಸರಿಮಾಡಿದ ಹಳೇ ಮಷೀನಿಗೇ ಮಾರ್ಕೆಟ್ಟಿನಲ್ಲಿ 6 ಲಕ್ಷ ಇರುವಾಗ, ಸರಿಮಾಡದ್ದಕ್ಕೆ ಅಷ್ಟು ಯಾರೂ ಕೊಡುವುದಿಲ್ಲ. ಹಾಗಾಗಿ ಪ್ರಶ್ನೆ ಇಷ್ಟೇ ಉಳಿಯಿತು: ಆರು ವರ್ಷ ಮಿಲ್ಲು ನಡೆಸುತ್ತೇವೆಯೇ? ಶೇಂಗಾ ಕಡಿಮೆಯಾದ ವರ್ಷ ಸೂರ್ಯಕಾಂತಿ ಅರೆದು ಮಿಲ್ಲು ನಡೆಸಿದ ಅಭ್ಯಾಸ ನಮಗಿದೆ, ಅದಕ್ಕೆ ಅಣ್ಣ ಹೂಂ ಅಂದ. ಹೊಸದಕ್ಕೆ ಮುಂಗಡ ಕೊಟ್ಟೆವು.