ಬಸ್ಸು ‘ಬಂದಳು’ ಅಲ್ಲ, ‘ಬಂತು’: ಕ್ರಿಯಾಪದದ ಬಾಲ ಸರಿ ಮಾಡಿಕೊಳ್ಳುವುದು ಹೇಗೆ?

ಬೀದರಿನ ನಮ್ಮ ಓಣಿಗೆ ಉದಗೀರದಿಂದ ಒಬ್ಬ ಸೊಸೆ ಬಂದಿದ್ದಾಳೆ. ಮನೆಮಾತು ಮರಾಠಿ. ಸಂಜೆ ಕೆಲಸ ಮುಗಿಸಿ ವಹಿ ಹಿಡಿದು ನನ್ನ ಹತ್ತಿರ ಕನ್ನಡ ಕಲಿಯೋಕೆ ಬರುತ್ತಾಳೆ. ಹೋದ ವಾರ ‘ಭಾನುವಾರ ಏನೇನಾಯ್ತು ಬರಿ’ ಅಂದೆ. ಬರೆದುಕೊಂಡು ಬಂದದ್ದು ಇದು:

“ಬೆಳಗ್ಗೆ ಮಳೆ ಬಂದನು. ಬಸ್ಸು ತಡವಾಗಿ ಬಂದಳು. ನಾನೂ ಗಂಡನೂ ಉದಗೀರಕ್ಕೆ ಹೋದೆ. ಮಗಳಿಗೆ ಜ್ವರ ಬಂದಳು. ಗಂಡ ರೊಟ್ಟಿ ತಿಂದಳು.”

ಐದು ವಾಕ್ಯ, ಐದರಲ್ಲೂ ತಪ್ಪು. ಓದಿ ನಗು ಬಂತು, ನಿಜ. ಆದರೆ ಇದರಲ್ಲಿ ಒಂದು ತಪ್ಪೂ ಸುಮ್ನೆ ಆದದ್ದಲ್ಲ. ಬಹುತೇಕ ಎಲ್ಲದರ ಹಿಂದೆ ಮರಾಠಿ ಕೂತಿದೆ. ಒಂದೊಂದಾಗಿ ಬಿಡಿಸಿದರೆ ಭೂತಕಾಲದ ಇಡೀ ಲೆಕ್ಕ ಕೈಗೆ ಸಿಗುತ್ತದೆ.

ಮೊದಲು ನೋಡಬೇಕಾದದ್ದು: ಅದು ಮನುಷ್ಯನಾ, ಅಲ್ವಾ?

ಮರಾಠಿಯಲ್ಲಿ ಲಿಂಗ ಶಬ್ದಕ್ಕೆ ಅಂಟಿಕೊಂಡಿರುತ್ತದೆ. ಅಲ್ಲಿ ಮಳೆ ಗಂಡು, ‘ಪಾಊಸ್ ಆಲಾ’. ಬಸ್ಸು ಹೆಣ್ಣು, ‘ಬಸ್ ಆಲಿ’. ಹಾಗಾಗಿಯೇ ಅವಳ ವಹಿಯಲ್ಲಿ ಮಳೆ ಬಂದನು, ಬಸ್ಸು ಬಂದಳು. ಮನೆಯಲ್ಲಿ ಉರ್ದು, ಹಿಂದಿ ಆಡುವವರೂ ಇದೇ ಬಸ್ಸಿಗೆ ಎಡವುತ್ತಾರೆ. ಅಲ್ಲೂ ಅದು ಹೆಣ್ಣೇ.

ಕನ್ನಡದಲ್ಲಿ ಲಿಂಗ ಇರುವುದು ಅರ್ಥದಲ್ಲಿ. ಗಂಡಸಾದರೆ ‘ಬಂದನು’, ಹೆಂಗಸಾದರೆ ‘ಬಂದಳು’. ಬಸ್ಸು, ಮಳೆ, ನಾಯಿ, ಎಮ್ಮೆ ಎಲ್ಲಕ್ಕೂ ‘ಬಂತು’. ಎಮ್ಮೆ ಹಾಲು ಕೊಟ್ಟರೂ ‘ಕೊಟ್ಟಳು’ ಅಲ್ಲ, ‘ಕೊಟ್ಟಿತು’. ಬಿಟ್ಟುಹೋಗುವವು ಕೆಲವೇ. ಸೂರ್ಯ, ಚಂದ್ರರನ್ನು ದೇವರೆಂದು ನೋಡುವುದರಿಂದ ‘ಸೂರ್ಯ ಮುಳುಗಿದನು’ ಅನ್ನುತ್ತೇವೆ. ಮಗು ಮನುಷ್ಯನೇ ಆದರೂ ‘ಮಗು ಅತ್ತಿತು’. ಅದೇ ಮಗು ನಾಲ್ಕಾದರೆ ‘ಮಕ್ಕಳು ಅತ್ತರು’.

ಒಂದಕ್ಕಿಂತ ಜಾಸ್ತಿ ಇದ್ದಾಗ ಗಂಡು ಹೆಣ್ಣು ಅನ್ನುವ ಭೇದವೇ ಹೋಗುತ್ತದೆ. ಜನರಿಗೆ ‘ಬಂದರು’, ದನಕ್ಕೂ ಬಸ್ಸಿಗೂ ‘ಬಂದವು’, ಅಷ್ಟೇ. ಗೌರವಕ್ಕೂ ‘ಬಂದರು’. ಇದನ್ನು ನಾನು ಹೇಳಿಕೊಡಬೇಕಾಗಲಿಲ್ಲ. ಮರಾಠಿಯಲ್ಲೂ ಅತ್ತೆ ಒಬ್ಬರೇ ಬಂದರೂ ಬಹುವಚನದಲ್ಲೇ ಹೇಳುತ್ತಾರೆ. ‘ಅತ್ತೆ ಬಂದರು’ ಅವಳ ಬಾಯಲ್ಲಿ ಮೊದಲ ದಿನವೇ ಸರಿಯಾಗಿ ಬಂತು. ಹೆತ್ತ ತಾಯಿಗೆ ಮಾತ್ರ ನಮ್ಮ ಕಡೆ ‘ಅವ್ವ ಬಂದಳು’ ಅಂದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಆಮೇಲೆ: ಕೆಲಸ ಮಾಡಿದ್ದು ಯಾರು?

‘ಗಂಡ ರೊಟ್ಟಿ ತಿಂದಳು.’ ಓಣಿಯವರೆಲ್ಲ ನಕ್ಕಿದ್ದು ಇದಕ್ಕೇ. ಮರಾಠಿಯಲ್ಲಿ ‘ತ್ಯಾನೇ ಭಾಕರಿ ಖಾಲ್ಲಿ’ ಅನ್ನುತ್ತಾರೆ. ತಿಂದವನು ಗಂಡಸು. ಆದರೆ ‘ಖಾಲ್ಲಿ’ ಅನ್ನುವ ಕ್ರಿಯಾಪದ ಹೊಂದಿಕೊಂಡದ್ದು ಭಾಕರಿಗೆ, ಮತ್ತು ಭಾಕರಿ ಹೆಣ್ಣು. ಕನ್ನಡದಲ್ಲಿ ಹೀಗೆ ಯಾವತ್ತೂ ಆಗುವುದಿಲ್ಲ. ತಿಂದದ್ದು ರೊಟ್ಟಿಯೋ ಹೋಳಿಗೆಯೋ, ಒಂದೋ ಹತ್ತೋ, ಕ್ರಿಯಾಪದಕ್ಕೆ ಸಂಬಂಧವಿಲ್ಲ. ತಿಂದವನು ಗಂಡ, ಆದ್ದರಿಂದ ‘ತಿಂದನು’.

‘ಮಗಳಿಗೆ ಜ್ವರ ಬಂದಳು’ ಅನ್ನುವುದು ಬೇರೆ ತರದ ತಪ್ಪು. ಇದಕ್ಕೆ ಮರಾಠಿಯನ್ನು ಬಯ್ಯುವಂತಿಲ್ಲ, ಅಲ್ಲಿ ಜ್ವರ ಗಂಡು. ವಾಕ್ಯದ ಶುರುವಿನಲ್ಲಿ ಮಗಳು ಕಂಡಳು, ಇವಳು ಬಾಲವನ್ನು ಅವಳಿಗೇ ಕಟ್ಟಿದಳು. ಬಂದದ್ದು ಮಗಳಲ್ಲ, ಜ್ವರ. ಇದಕ್ಕೊಂದು ಪರೀಕ್ಷೆ ಇದೆ. ‘ಗೆ’ ಹತ್ತಿದ ಶಬ್ದವನ್ನು ಬೆರಳಿನಿಂದ ಮುಚ್ಚಿ. ‘ಅನ್ನು’ ಹತ್ತಿದ್ದನ್ನೂ ಮುಚ್ಚಿ. ಏನೂ ಹತ್ತದೆ ಉಳಿದ ಹೆಸರಿನಲ್ಲಿ ಕೆಲಸ ಯಾರದ್ದು ನೋಡಿ, ಬಾಲ ಅದಕ್ಕೆ. ‘ಮಗಳಿಗೆ’ ಮುಚ್ಚಿದರೆ ಉಳಿಯುವುದು ಜ್ವರ, ಹಾಗಾಗಿ ‘ಬಂತು’. ‘ಅವನಿಗೆ ಎರಡು ಅಂಗಿ ಸಿಕ್ಕವು’ ಅನ್ನುವಾಗ ಅವನು ಒಬ್ಬನೇ, ಆದರೂ ಲೆಕ್ಕಕ್ಕೆ ಬರುವುದು ಅಂಗಿ.

‘ಹೋದೆ’ ಯಾಕೆ ತಪ್ಪು? ಮರಾಠಿಯಲ್ಲಿ ಗಂಡಸು ‘ನಾನು ಹೋದೆ’ ಅನ್ನೋಕೂ ‘ಗೇಲೋ’, ‘ನಾವು ಹೋದೆವು’ ಅನ್ನೋಕೂ ‘ಗೇಲೋ’. ಕನ್ನಡದಲ್ಲಿ ಎರಡೂ ಬೇರೆ. ಲೆಕ್ಕದಲ್ಲಿ ನಾನು ಇದ್ದರೆ ಸಾಕು, ಜೊತೆಗೆ ಯಾರೇ ಇರಲಿ, ‘ಹೋದೆವು’. ನೀನೂ ಅವನೂ ಆದರೆ ‘ಹೋದಿರಿ’. ಇಬ್ಬರೂ ಹೊರಗಿನವರಾದರೆ ‘ಹೋದರು’. ‘ಅಕ್ಕಾ, ಹೆಂಗಸು ಹೋದ್ರ ನಾನು ಏನು?’ ಅಂತ ಕೇಳಿದಳು. ಮರಾಠಿಯಲ್ಲಿ ಹೆಂಗಸು ‘ಗೇಲೇ’ ಅನ್ನಬೇಕಲ್ಲ, ಅದಕ್ಕೆ. ಕನ್ನಡದಲ್ಲಿ ನಾನು, ನೀನು ಅನ್ನುವವರಿಗೆ ಗಂಡು ಹೆಣ್ಣು ಇಲ್ಲ. ಅವಳ ಗಂಡ ಹೋದರೂ ‘ನಾನು ಹೋದೆ’, ಅವಳು ಹೋದರೂ ಅದೇ.

ಬಾಲ ಕಟ್ಟುವುದು

‘ಅವನು’ ಜೊತೆ ಬರುವ ಗಿಡ್ಡ ರೂಪ ಗೊತ್ತಿದ್ದರೆ ಮುಕ್ಕಾಲು ಕೆಲಸ ಮುಗಿಯಿತು. ಬಂದ, ಹೋದ, ತಿಂದ, ಕೊಟ್ಟ, ಮಾಡಿದ. ಅದಕ್ಕೆ ನು, ಳು, ರು, ವು ಸೇರಿಸುತ್ತಾ ಹೋಗಿ: ಕೊಟ್ಟನು, ಕೊಟ್ಟಳು, ಕೊಟ್ಟರು, ಕೊಟ್ಟವು. ಮಾತಿನಲ್ಲಿ ‘ನು’ ಬಿಟ್ಟು ಬರೀ ‘ಕೊಟ್ಟ’ ಅನ್ನುತ್ತೇವೆ. ‘ಳು’ ಬಿಡುವ ಹಾಗಿಲ್ಲ. ಬಿಟ್ಟರೆ ಹೆಂಗಸು ಗಂಡಸಾಗುತ್ತಾಳೆ.

ಕಾಡುವುದು ‘ಅದು’ ಒಂದೇ. ‘ಮಾಡಿದ’, ‘ಓಡಿದ’ ಇಂಥವುಗಳಲ್ಲಿ ಕೊನೆಯ ‘ದ’ ಹೋಗಿ ‘ತು’ ಬರುತ್ತದೆ: ಮಾಡಿತು, ಓಡಿತು. ಕುಡಿ, ಕರೆ ಇಂಥವಕ್ಕೆ ಮೂಲಕ್ಕೇ ‘ಯಿತು’ ಹತ್ತುತ್ತದೆ: ಬೆಕ್ಕು ಹಾಲು ಕುಡಿಯಿತು. ‘ಕುಡಿದಿತು’ ಅಂದರೆ ಹೊಸಬರು ಅಂತ ತಕ್ಷಣ ಗೊತ್ತಾಗುತ್ತದೆ. ತಿಂದ, ಕೊಟ್ಟ, ನಿಂತ ಇವು ತಿಂದಿತು, ಕೊಟ್ಟಿತು, ನಿಂತಿತು ಆಗುತ್ತವೆ. ಇನ್ನು ಐದನ್ನು ಬಾಯಿಪಾಠ ಮಾಡುವುದೇ ವಾಸಿ: ಬಂತು, ಹೋಯಿತು, ಆಯಿತು, ಇತ್ತು, ಬಿತ್ತು. ದಿನಕ್ಕೆ ನೂರು ಸಲ ಬೇಕಾಗುವುದೂ ಇವೇ. ‘ಬಂದಿತು’, ‘ಬಿದ್ದಿತು’ ಬರವಣಿಗೆಯಲ್ಲಿ ನಡೆಯುತ್ತವೆ. ‘ಹೋದಿತು’ ಎಲ್ಲೂ ನಡೆಯುವುದಿಲ್ಲ.

ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಕಿವಿಗೆ ಬೀಳುವುದು ‘ಬಸ್ ಬಂದದ’. ಅದು ‘ಬಂತು’ ಅಲ್ಲ, ‘ಬಂದಿದೆ’. ಬಸ್ಸು ಇನ್ನೂ ನಿಂತಿದೆ, ಓಡಿದರೆ ಸಿಗುತ್ತದೆ. ಬಂದಾನ, ಬಂದಾಳ, ಬಂದಾರ ಕೂಡ ಹಾಗೆಯೇ. ಗಂಡು ಹೆಣ್ಣಿನ ಗುರುತು ಅದೇ, ಕಾಲ ಮಾತ್ರ ಬೇರೆ. ನಿನ್ನೆಯ ಕತೆ ಬರೆಯುವಾಗ ಇವನ್ನು ತರಬೇಡಿ.

ವಹಿಯನ್ನು ತಿದ್ದಿದ ಮೇಲೆ ಹೀಗಾಯಿತು: “ಬೆಳಗ್ಗೆ ಮಳೆ ಬಂತು. ಬಸ್ಸು ತಡವಾಗಿ ಬಂತು. ನಾನೂ ಗಂಡನೂ ಉದಗೀರಕ್ಕೆ ಹೋದೆವು. ಮಗಳಿಗೆ ಜ್ವರ ಬಂತು. ಗಂಡ ರೊಟ್ಟಿ ತಿಂದನು.”

‘ನೀನು ತಿನ್ನಲಿಲ್ವಾ?’ ಅಂದೆ. ಇಲ್ಲ ಅಂತ ತಲೆಯಾಡಿಸಿದಳು. ಅದನ್ನೂ ಬರಿ ಅಂದರೆ ಪೆನ್ನು ಎತ್ತಿಕೊಂಡು ಯೋಚಿಸುತ್ತಾ ಕೂತಳು, ‘ಇಲ್ಲ’ಕ್ಕೆ ಯಾವ ಬಾಲ ಅಂತ. ಯಾವುದೂ ಇಲ್ಲ. ನಾನು ತಿನ್ನಲಿಲ್ಲ, ಅವನು ತಿನ್ನಲಿಲ್ಲ, ಅವಳು ತಿನ್ನಲಿಲ್ಲ, ಎಮ್ಮೆ ತಿನ್ನಲಿಲ್ಲ, ಅವರು ಯಾರೂ ತಿನ್ನಲಿಲ್ಲ. ಎಲ್ಲರಿಗೂ ಒಂದೇ.

‘ಹಂಗಾದ್ರ ನಾಳಿಂದ ಎಲ್ಲಾ ಇಲ್ಲ ಅಂತನೇ ಬರಿತೀನಿ ಅಕ್ಕಾ’ ಅಂದು ವಹಿ ಮುಚ್ಚಿದಳು.